ಮತ್ತೊಮ್ಮೆ ಹೇಳಿ ಎಂದು ಕೇಳುವುದು ಹೇಗೆ?

ವೈದ್ಯರು ವರದಿ ನೋಡುತ್ತಾ ಹೇಳುತ್ತಾರೆ: "ಕ್ರಿಯಾಟಿನಿನ್ ಸ್ವಲ್ಪ ಏರಿದೆ. ಆ ನೋವಿನ ಮಾತ್ರೆ ನಿಲ್ಲಿಸಿ. ಹದಿನೈದು ದಿನ ಬಿಟ್ಟು ಮತ್ತೆ ರಕ್ತ ಪರೀಕ್ಷೆ ಮಾಡಿಸಿ." ಎದುರಿಗೆ ಕುಳಿತವರಿಗೆ ಮೊದಲ ಪದದ ಅರ್ಥ ಗೊತ್ತಿಲ್ಲ, ದಿನಗಳ ಲೆಕ್ಕ ಸರಿಯಾಗಿ ಕಿವಿಗೆ ಬಿದ್ದಿಲ್ಲ. ಕೇಳಲು ಸಂಕೋಚ.

ಸಂಕೋಚಕ್ಕೆ ಕಾರಣವಿಲ್ಲ. 12 ಭಾಷೆಗಳ ದಿನನಿತ್ಯದ ಮಾತುಕತೆಯನ್ನು ಪರಿಶೀಲಿಸಿ 2015ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಸರಾಸರಿ ಸುಮಾರು ಒಂದೂವರೆ ನಿಮಿಷಕ್ಕೊಮ್ಮೆ ಯಾರಾದರೊಬ್ಬರು ಹೀಗೆ ಮರಳಿ ಕೇಳುತ್ತಲೇ ಇರುತ್ತಾರೆ. ವ್ಯತ್ಯಾಸವಿರುವುದು ಕೇಳುವ ಬಗೆಯಲ್ಲಿ.

ಮೊದಲು, ತಪ್ಪಿದ್ದು ಯಾವುದೆಂದು ಗುರುತಿಸಿ. ಕೇಳಿಸಲಿಲ್ಲವೋ, ಅರ್ಥವಾಗಲಿಲ್ಲವೋ? ಬರೀ "ಏನು?" ಎಂದರೆ ವೈದ್ಯರು ಅದೇ ಮಾತನ್ನು ಇನ್ನಷ್ಟು ಜೋರಾಗಿ ಹೇಳಬಹುದು, ಕ್ರಿಯಾಟಿನಿನ್ ಎಂದರೇನೆಂದು ಆಗಲೂ ತಿಳಿಯುವುದಿಲ್ಲ. "ಏನೂ ಅರ್ಥವಾಗಲಿಲ್ಲ" ಎಂದರೆ ಅವರು ಎಲ್ಲವನ್ನೂ ಮೊದಲಿನಿಂದ ಆರಂಭಿಸಬೇಕಾಗುತ್ತದೆ.

ನಂತರ, ಕೇಳಿಸಿದ್ದನ್ನು ಒಪ್ಪಿಸಿ, ಬಿಟ್ಟುಹೋದದ್ದನ್ನಷ್ಟೇ ಕೇಳಿ. "ಮಾತ್ರೆ ನಿಲ್ಲಿಸುವುದು ತಿಳಿಯಿತು ಡಾಕ್ಟರೇ, ಮತ್ತೆ ಪರೀಕ್ಷೆ ಎಷ್ಟು ದಿನದ ಮೇಲೆ?" ಇಂಥ ಪ್ರಶ್ನೆಗೆ ಒಂದೇ ಪದದ ಉತ್ತರ ಸಾಕು. ನೀವು ಗಮನವಿಟ್ಟು ಕೇಳುತ್ತಿದ್ದಿರಿ ಎಂಬುದೂ ಅವರಿಗೆ ತಿಳಿಯುತ್ತದೆ. "ನೀವು ತುಂಬಾ ಬೇಗ ಹೇಳಿದಿರಿ" ಎಂಬ ದೂರು ಬೇಡ. "ಕ್ಷಮಿಸಿ, ನನಗೆ ಏನೂ ತಿಳಿಯುವುದಿಲ್ಲ" ಎಂಬ ದೈನ್ಯವೂ ಬೇಡ. ಆಗ ವಿಷಯ ಬಿಟ್ಟು ನಿಮ್ಮನ್ನು ಸಮಾಧಾನಪಡಿಸುವ ಕೆಲಸ ಅವರ ಮೇಲೆ ಬೀಳುತ್ತದೆ.

ಪದ ತಿಳಿಯದಿದ್ದರೆ, ನಿಮ್ಮ ಊಹೆಯನ್ನು ಮುಂದಿಡಿ. "ಕ್ರಿಯಾಟಿನಿನ್ ಎಂದರೆ ಮೂತ್ರಪಿಂಡಕ್ಕೆ ಸಂಬಂಧಿಸಿದ್ದೇ?" ಎಂದು ಕೇಳಿದರೆ ಅವರು ಹೇಳುತ್ತಾರೆ: "ಹೌದು. ಅದು ಸ್ನಾಯುಗಳಲ್ಲಿ ಉಂಟಾಗುವ ತ್ಯಾಜ್ಯ. ಮೂತ್ರಪಿಂಡ ಅದನ್ನು ಸೋಸಿ ಹೊರಹಾಕುತ್ತದೆ. ಕೆಲವು ನೋವಿನ ಮಾತ್ರೆಗಳು ಆ ಕೆಲಸಕ್ಕೆ ಅಡ್ಡಿಮಾಡುತ್ತವೆ." ಊಹೆ ತಪ್ಪಾಗಿದ್ದರೂ ನಷ್ಟವಿಲ್ಲ. ಎಲ್ಲಿಂದ ವಿವರಿಸಬೇಕು ಎಂಬುದು ಅವರಿಗೆ ಹೊಳೆಯುತ್ತದೆ. ಉತ್ತರದಲ್ಲಿ ಮತ್ತೊಂದು ಅರಿಯದ ಪದ ಬಂದರೆ ಅದರ ಬೆನ್ನು ಹತ್ತಬೇಡಿ. "ಹಾಗಾದರೆ ನಾನು ಏನೇನು ಬಿಡಬೇಕು?" ಎಂದು ಕೇಳಿ. ಉಳಿದದ್ದನ್ನು ಆಮೇಲೆ ತಿಳಿದುಕೊಳ್ಳಬಹುದು.

ಕೇಳುವುದಾದರೆ ಆ ವಾಕ್ಯ ಮುಗಿದ ಕೂಡಲೇ ಕೇಳಿ. ಮುಂದಿನ ಮಾತೆಲ್ಲ ಆ ಪದದ ಮೇಲೆಯೇ ನಿಂತಿರುತ್ತದೆ. ಹತ್ತು ನಿಮಿಷ ತಲೆಯಾಡಿಸಿ ಆಮೇಲೆ ಕೇಳಿದಾಗಲೇ ನಿಜವಾದ ಮುಜುಗರ, ಇಬ್ಬರಿಗೂ.

ಎರಡನೆಯ ಬಾರಿಯೂ ಕೇಳಿಸಲಿಲ್ಲವೇ? ಅದೇ ಪ್ರಶ್ನೆಯನ್ನು ಮೂರನೆಯ ಸಲ ಕೇಳುವ ಬದಲು ಕಾಗದ ಮುಂದಿಟ್ಟು, "ಇದರಲ್ಲಿ ಬರೆದುಕೊಡುತ್ತೀರಾ?" ಎನ್ನಿ. ಮಾತ್ರೆಯ ಹೆಸರು ಮತ್ತು ಅಂಕಿಗಳಿಗೆ ಇದೇ ಒಳ್ಳೆಯ ದಾರಿ. ಏಳುವ ಮುನ್ನ ಒಮ್ಮೆ ನಿಮ್ಮ ಮಾತಿನಲ್ಲೇ ಹೇಳಿ: "ಇವತ್ತಿನಿಂದ ಈ ಮಾತ್ರೆ ಇಲ್ಲ, ಹದಿನೈದು ದಿನದ ಮೇಲೆ ರಕ್ತ ಪರೀಕ್ಷೆ, ವರದಿ ತಂದು ನಿಮಗೆ ತೋರಿಸಬೇಕು, ಸರಿಯೇ?" ಎಲ್ಲಾದರೂ ತಪ್ಪಿದ್ದರೆ ವೈದ್ಯರು ಅಲ್ಲೇ ತಿದ್ದುತ್ತಾರೆ.