ಪರೀಕ್ಷೆ ರಜೆ, ಸಮ್ಮರ್ ಕ್ಯಾಂಪ್ ಮತ್ತು ಫಾಸ್ಟ್ ಬೌಲರ್‌ನ ಸೊಂಟ

ಮಂಡ್ಯದಲ್ಲಿ ನಾನು ಹುಡುಗರಿಗೆ ಬೌಲಿಂಗ್ ಹೇಳಿಕೊಡುತ್ತೇನೆ. ಸೊಂಟ ನೋವು ಅಂತ ಫಾಸ್ಟ್ ಬೌಲರ್‌ಗಳು ನನ್ನ ಹತ್ತಿರ ಬರುವುದು ಹೆಚ್ಚಾಗಿ ಮೇ ತಿಂಗಳಲ್ಲಿ. ಕಾರಣ ಸುಲಭ. ಫೆಬ್ರವರಿ, ಮಾರ್ಚ್‌ನಲ್ಲಿ ಪರೀಕ್ಷೆ ಅಂತ ಮನೆಯವರು ಗ್ರೌಂಡ್‌ಗೆ ಕಳಿಸುವುದಿಲ್ಲ. ಏಪ್ರಿಲ್ ಬಂದರೆ ಸಮ್ಮರ್ ಕ್ಯಾಂಪ್. ಎರಡು ತಿಂಗಳು ಬಾಲ್ ಮುಟ್ಟದವನು ದಿನಾ ಬೆಳಿಗ್ಗೆ ಸಂಜೆ ಓಡಿ ಬಂದು ಹಾಕುತ್ತಾನೆ.

ಅಂಥ ಒಬ್ಬ ಹುಡುಗ ಬಂದಿದ್ದ. ಆಗಷ್ಟೇ ಎಸ್ಸೆಸ್ಸೆಲ್ಸಿ ಮುಗಿಸಿದ್ದ ಬಲಗೈ ಬೌಲರ್, ಒಂದೇ ವರ್ಷದಲ್ಲಿ ಎತ್ತರ ಬೆಳೆದಿದ್ದ. ಎಲ್ಲಿ ನೋವು ಅಂತ ಕೇಳಿದರೆ, "ಸುಮ್ನೆ ಹಿಡ್ಕಂಡದೆ ಸಾರ್" ಅಂದ. ಒಂದೇ ಬೆರಳಲ್ಲಿ ತೋರಿಸು ಅಂದೆ. ಸೊಂಟದ ಎಡಗಡೆ, ಬೆನ್ನುಮೂಳೆಯ ಪಕ್ಕದಲ್ಲೇ ಬೆರಳಿಟ್ಟ. ಎಡಗಾಲ ಮೇಲೆ ಮಾತ್ರ ನಿಲ್ಲಿಸಿ ನಿಧಾನವಾಗಿ ಹಿಂದಕ್ಕೆ ಬಾಗಿಸಿದೆ. ಮುಖ ಕಿವುಚಿದ. ಬಲಗಾಲ ಮೇಲೆ ನಿಂತು ಬಾಗಿದಾಗ ಏನೂ ಇಲ್ಲ. ಈ ಪರೀಕ್ಷೆಯಿಂದಲೇ ಏನನ್ನೂ ತೀರ್ಮಾನಿಸಲು ಆಗುವುದಿಲ್ಲ, ಆದರೆ ಅನುಮಾನ ಬರಲು ಇಷ್ಟು ಸಾಕು.

ಬಲಗೈಯವನಿಗೆ ಎಡಗಡೆ ಯಾಕೆ? ಬಾಲ್ ಬಿಡುವ ಮುಂಚೆ ಎಡಗಾಲು ನೆಲಕ್ಕೆ ಬಡಿಯುತ್ತದಲ್ವಾ, ಆಗ ಮೈತೂಕದ ಐದಾರು ಪಟ್ಟು ಹೊಡೆತ ಆ ಕಾಲಿನಿಂದ ಮೇಲಕ್ಕೆ ಬರುತ್ತದೆ. ಅದೇ ಕ್ಷಣಕ್ಕೆ ಸೊಂಟ ಹಿಂದಕ್ಕೆ ಬಾಗಿರುತ್ತದೆ, ಎಡಕ್ಕೆ ವಾಲಿರುತ್ತದೆ, ತಿರುಗುತ್ತಲೂ ಇರುತ್ತದೆ. ಬೆನ್ನುಮೂಳೆಯ ಕೆಳಗಿನ ಮಣಿಗಳ ಹಿಂಭಾಗದಲ್ಲಿ ಪಾರ್ಸ್ ಅನ್ನುವ ಒಂದು ಸಣ್ಣ ಮೂಳೆ ಸೇತುವೆ ಇದೆ. ಎಡಗಡೆಯ ಪಾರ್ಸ್ ಈ ಮೂರರ ನಡುವೆ ಪ್ರತಿ ಬಾಲ್‌ಗೂ ಹಿಂಡಿಸಿಕೊಳ್ಳುತ್ತದೆ. ಆ ವಯಸ್ಸಿನಲ್ಲಿ ಅದಿನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ. ಇಪ್ಪತ್ತು ದಾಟಿದ ಮೇಲೂ ಗಟ್ಟಿಯಾಗುತ್ತಲೇ ಇರುತ್ತದೆ. 2011ರಲ್ಲಿ ಹದಿನೆಂಟಕ್ಕೇ ಟೆಸ್ಟ್ ಆಡಿದ ಪ್ಯಾಟ್ ಕಮಿನ್ಸ್, ಪದೇ ಪದೇ ಹೊಡೆತ ಬಿದ್ದು ಮೂಳೆ ಬಿರುಕು ಬಿಡುವ ಸ್ಟ್ರೆಸ್ ಫ್ರ್ಯಾಕ್ಚರ್‌ಗಳು ಬೆನ್ನಿನಲ್ಲಿ ಕಾಡಿದ್ದರಿಂದ ಮುಂದಿನ ಟೆಸ್ಟ್ ಆಡಿದ್ದು 2017ರಲ್ಲಿ.

ಮೊದಲು ತೋರಿಸಿದ್ದ ಕಡೆ ಎಕ್ಸ್‌ರೇ ನೋಡಿ ಉಳುಕು ಅಂತ ಮಾತ್ರೆ ಕೊಟ್ಟಿದ್ದರಂತೆ. ಶುರುವಿನ ಹಂತ ಎಕ್ಸ್‌ರೇಗೆ ಕಾಣುವುದು ಕಡಿಮೆ. ಎಂಆರ್‌ಐ ಮಾಡಿಸಿದಾಗ ಎಡ ಪಾರ್ಸ್‌ನಲ್ಲಿ ಮೂಳೆಯ ಒಳಗೇ ಊತ ಕಂಡಿತು, ಬಿರುಕಿನ ಗೆರೆ ಇನ್ನೂ ಬಿದ್ದಿರಲಿಲ್ಲ.

ಆಮೇಲೆ ಅವನನ್ನು ಕೂರಿಸಿಕೊಂಡು ಬಾಲ್‌ಗಳ ಲೆಕ್ಕ ಬರೆಸಿದೆ. ಜನವರಿಯಲ್ಲಿ ವಾರಕ್ಕೆ 120ರ ಸುತ್ತಮುತ್ತ. ನಂತರ ಎರಡು ತಿಂಗಳು ಸೊನ್ನೆ. ಬೇರೆ ಕಡೆ ಸೇರಿದ್ದ ಕ್ಯಾಂಪಿನಲ್ಲಿ ಮೊದಲ ವಾರ 180, ಎರಡನೇ ವಾರ 240. "ಇಷ್ಟೇನಾ?" ಅಂದೆ. "ಭಾನುವಾರ ಟೆನಿಸ್ ಬಾಲ್ ಟೂರ್ನಮೆಂಟ್ ಇತ್ತು ಸಾರ್, ಅದೂ ಲೆಕ್ಕನಾ?" ಲೆಕ್ಕವೇ. ಬಾಲ್ ಹಗುರ ಇರಬಹುದು, ಕಾಲು ಬಡಿಯುವುದು ಅದೇ ಗಟ್ಟಿ ನೆಲಕ್ಕೆ.

ನೋವು ಶುರುವಾಗಿದ್ದು ಮಾತ್ರ ನಾಲ್ಕನೇ ವಾರದಲ್ಲಿ. ಎಲ್ಲರೂ ದಾರಿ ತಪ್ಪುವುದು ಇಲ್ಲೇ. ಸ್ನಾಯುವಿಗೆ ಜಾಸ್ತಿಯಾದರೆ ಮಾರನೇ ದಿನವೇ ಹೇಳುತ್ತದೆ. ಮೂಳೆ ಹಾಗಲ್ಲ. ಹೊಡೆತ ಬಿದ್ದ ಜಾಗದಲ್ಲಿ ಅದು ಮೊದಲು ಹಳೆಯದನ್ನು ಕೆರೆದು ತೆಗೆಯುತ್ತದೆ, ಆಮೇಲೆ ಹೊಸದನ್ನು ತುಂಬುತ್ತದೆ. ತೆಗೆಯುವ ಕೆಲಸ ವಾರಗಳಲ್ಲಿ ಮುಗಿಯುತ್ತದೆ, ತುಂಬಲು ತಿಂಗಳುಗಳು ಬೇಕು. ಈ ನಡುವಿನ ಹೊತ್ತಲ್ಲಿ ಮೂಳೆ ಬಡವಾಗಿರುತ್ತದೆ. ನೋವು ಬಂದ ವಾರದ ಲೆಕ್ಕ ನೋಡಿದರೆ ಏನೂ ಸಿಗುವುದಿಲ್ಲ, ಒಂದು ತಿಂಗಳು ಹಿಂದಕ್ಕೆ ಹೋಗಿ ನೋಡಬೇಕು.

ಡಾಕ್ಟರ್ ಬೌಲಿಂಗ್ ಪೂರ್ತಿ ನಿಲ್ಲಿಸಿದರು. ನಾಲ್ಕು ತಿಂಗಳು. ನೋವು ಹೋಗಿದ್ದು ಬಹಳ ಬೇಗ, ಹಾಗಾಗಿ ಅವನನ್ನು ತಡೆದು ಇಟ್ಟುಕೊಳ್ಳುವುದೇ ದೊಡ್ಡ ಕೆಲಸವಾಯಿತು. ಅವರಮ್ಮ ಬಂದು, "ಈಗ ಚೆನ್ನಾಗೇ ಅವ್ನಲ್ಲ ಸಾರ್, ಯಾಕೆ ಆಡಿಸ್ತಿಲ್ಲ?" ಅಂತ ಕೇಳಿದರು. ನೋವು ಹೋಗುವುದಕ್ಕೂ ಮೂಳೆ ತುಂಬುವುದಕ್ಕೂ ಸಂಬಂಧವಿಲ್ಲ ಅಂತ ಸ್ಕ್ಯಾನ್ ತೋರಿಸಿಯೇ ಹೇಳಬೇಕಾಯಿತು. ಅಷ್ಟರಲ್ಲಿ ಫಿಸಿಯೋ ಹೊಟ್ಟೆ, ಸೊಂಟ, ತೊಡೆಯ ವ್ಯಾಯಾಮ ಮಾಡಿಸಿದರು.

ಫಿಸಿಯೋ ಒಪ್ಪಿದ ಮೇಲೆ ಮತ್ತೆ ಶುರು. ವಾರಕ್ಕೆ ಮೂರು ದಿನ, ಎರಡು ದಿನ ಸತತವಾಗಿ ಇಲ್ಲ. ಮೊದಲ ವಾರ ದಿನಕ್ಕೆ 12 ಬಾಲ್, ನಾಲ್ಕು ಹೆಜ್ಜೆ ನಡೆದು ಬಂದು ಹಾಕುವುದು. ಮುಂದೆ ಏರಿಸಿದಾಗೆಲ್ಲ ವಾರದ ಒಟ್ಟು ಲೆಕ್ಕಕ್ಕೆ 12ರಿಂದ 18 ಬಾಲ್ ಸೇರಿಸಿದೆ. ಬಾಲ್ ಸಂಖ್ಯೆ ಏರಿಸಿದ ವಾರ ರನ್‌ಅಪ್ ಉದ್ದ ಮಾಡಲಿಲ್ಲ, ರನ್‌ಅಪ್ ಉದ್ದ ಮಾಡಿದ ವಾರ ಸಂಖ್ಯೆ ಹಾಗೇ ಇಟ್ಟೆ. ಪೂರ್ತಿ ವೇಗ ಎಲ್ಲಕ್ಕಿಂತ ಕೊನೆಗೆ.

ವಾರಕ್ಕೆ 120 ಮುಟ್ಟಿದ ಮೇಲೆ ನಾನು ನೋಡುವುದು ಕಳೆದ ನಾಲ್ಕು ವಾರಗಳ ಸರಾಸರಿ. ಅದು 120 ಇದ್ದರೆ ಈ ವಾರ 150 ದಾಟಿಸುವುದಿಲ್ಲ. ಇದು ಅಂದಾಜಿನ ಬೇಲಿ ಅಷ್ಟೇ, ಬಾಲ್ ಎಷ್ಟು ಜೋರಾಗಿ ಹಾಕಿದ ಅನ್ನುವುದು ಇದರಲ್ಲಿ ಸಿಗುವುದಿಲ್ಲ. ಮ್ಯಾಚ್ ದಿನಕ್ಕೆ ಇಂಗ್ಲೆಂಡ್ ಬೋರ್ಡ್ 16, 17 ವಯಸ್ಸಿನವರಿಗೆ ಇಟ್ಟಿದ್ದ ಮಿತಿಯೇ ನನಗೂ ಅಳತೆ: ಒಂದು ಸ್ಪೆಲ್‌ಗೆ 7 ಓವರ್, ದಿನಕ್ಕೆ 18. ನಮ್ಮ ಹುಡುಗರಿಗೆ 18 ಜಾಸ್ತಿಯಾಯಿತು ಅಂತಲೇ ನನ್ನ ಅಭಿಪ್ರಾಯ, 12ಕ್ಕೆ ನಿಲ್ಲಿಸುತ್ತೇನೆ.

ಈಗ ಅವನು ಪಿಯುಸಿ. ಪರೀಕ್ಷೆ ತಿಂಗಳಲ್ಲೂ ವಾರಕ್ಕೆ ಎರಡು ಸಂಜೆ ಮೂವತ್ತು ಮೂವತ್ತು ಬಾಲ್ ಹಾಕಿ ಹೋಗಲಿ ಅಂತ ಅವರ ಅಪ್ಪನನ್ನು ಒಪ್ಪಿಸಿದ್ದೇನೆ. ಅರ್ಧ ಗಂಟೆ ಸಾಕು. ಏಪ್ರಿಲ್‌ನಲ್ಲಿ ಸೊನ್ನೆಯಿಂದ ಶುರು ಮಾಡುವುದು ತಪ್ಪುತ್ತದೆ.