ದಸರಾ ಬನ್ನಿಯ ಪೋಸ್ಟ್: ಒಂದು ಫೋಟೊ, ಎರಡು ಸಾಲು ಸಾಕು

ಕಲಬುರಗಿ ಕಡೆಯವರಿಗೆ ದಸರಾ ಅಂದರೆ ಅಂಬಾರಿಗಿಂತ ಬನ್ನಿ ದೊಡ್ಡದು. ವಿಜಯದಶಮಿಯ ಸಂಜೆ ಬನ್ನಿ ಗಿಡಕ್ಕೆ ಪೂಜೆ ಮಾಡಿ ಎಲೆ ತರುತ್ತೇವೆ. ಹಿರಿಯರ ಕೈಗಿಟ್ಟು, ಕಾಲು ಮುಗಿದು 'ಬನ್ನಿ ತಗೊಂಡು ಬಂಗಾರದಂಗ ಇರೋಣ' ಅನ್ನುತ್ತೇವೆ. ಹೊರದೇಶಕ್ಕೆ ಹೋದ ನಮ್ಮವರು ಹಾಕುವ ಪೋಸ್ಟ್ ಮಾತ್ರ ಬೇರೆಯೇ: ಮೈಸೂರಿನ ಆನೆ, 'ಹ್ಯಾಪಿ ದಸರಾ', ಕೆಳಗೆ ಏಳೆಂಟು ಭಾಷೆಗಳಲ್ಲಿ ಶುಭಾಶಯ. ಎಲ್ಲರಿಗೂ ಹೇಳಹೋಗಿ ಯಾರಿಗೂ ಮುಟ್ಟದ ಪೋಸ್ಟ್ ಅದು.

ಆಳಂದ ತಾಲ್ಲೂಕಿನ ಒಂದು ಕುಟುಂಬ ಅಮೆರಿಕದ ಡಲ್ಲಾಸ್‌ನಲ್ಲಿದೆ ಅಂದುಕೊಳ್ಳಿ. ಅವರ ಪೋಸ್ಟ್ ನೋಡುವವರಲ್ಲಿ ಊರಿನ ಬಂಧುಗಳಿದ್ದಾರೆ. ತೆಲಂಗಾಣದ ಪಕ್ಕದ ಮನೆಯವರು, ಪುಣೆಯ ಗೆಳತಿ, ಕೋಲ್ಕತ್ತದ ಸಹೋದ್ಯೋಗಿ, ಭಾರತವನ್ನೇ ನೋಡದ ಆಫೀಸಿನವರೂ ಇದ್ದಾರೆ.

ಮೊದಲು ಫೋಟೊ. ಅಲ್ಲಿ ಬನ್ನಿ ಗಿಡ ಹುಡುಕಬೇಡಿ, ಊರಿನಿಂದ ಎಲೆ ತರಿಸಲೂ ಹೋಗಬೇಡಿ. ಸೊಪ್ಪು, ಎಲೆ ವಿಮಾನ ನಿಲ್ದಾಣದ ತಪಾಸಣೆಯಲ್ಲೇ ಕೈತಪ್ಪಿ ಹೋಗಬಹುದು. ಊರಲ್ಲಿರುವ ಅಣ್ಣನಿಗೋ ವೈನಿಗೋ ಹೇಳಿದರೆ ಆಯಿತು: ಅಂಗೈಯಲ್ಲಿ ಬನ್ನಿ ಎಲೆ ಹಿಡಿದು, ಬೆಳಕಿರುವಾಗಲೇ ಒಂದು ಫೋಟೊ. ವಾಟ್ಸ್ಆ್ಯಪ್‌ನಲ್ಲಿ 'ಡಾಕ್ಯುಮೆಂಟ್' ಆಗಿ ಕಳಿಸಿದರೆ ಮಸುಕಾಗುವುದಿಲ್ಲ. ಅಂತರ್ಜಾಲದಿಂದ ಇಳಿಸಿಕೊಳ್ಳುವವರು ಎಲೆಯನ್ನು ಸರಿಯಾಗಿ ನೋಡಿ. ನಡುವೆ ಸೀಳಿ ಎರಡು ಭಾಗದಂತೆ ಕಾಣುವ ದುಂಡನೆಯ ಎಲೆ ಬನ್ನಿಯದಲ್ಲ, ಅದು ಮಹಾರಾಷ್ಟ್ರದವರು ಹಂಚುವ ಆಪಟಾ. ಬನ್ನಿಗೆ ಕಡ್ಡಿಯ ಎರಡೂ ಬದಿ ಸಣ್ಣ ಸಣ್ಣ ಎಲೆ. ಊರಿನ ಹಿರಿಯರು ಇದನ್ನು ಒಂದೇ ನೋಟಕ್ಕೆ ಹಿಡಿಯುತ್ತಾರೆ!

ಆಮೇಲೆ ಬರಹ. ಮೊದಲ ಸಾಲು ಕನ್ನಡದಲ್ಲಿ, ಅದೂ ನಮ್ಮ ಕಡೆಯ ಕನ್ನಡದಲ್ಲೇ ಇರಲಿ: 'ಬನ್ನಿ ತಗೊಂಡು ಬಂಗಾರದಂಗ ಇರೋಣ'. 'ಬಂಗಾರದಂತೆ' ಎಂದು ತಿದ್ದಬೇಡಿ, ಊರಿನವರಿಗೆ ಅದು ಪರರ ಮಾತಿನಂತೆ ಕೇಳುತ್ತದೆ. ಎರಡನೇ ಸಾಲು ಇಂಗ್ಲಿಷ್‌ನಲ್ಲಿ, ಅರ್ಥ ಇಷ್ಟಿದ್ದರೆ ಸಾಕು: ನಮ್ಮೂರಲ್ಲಿ ದಸರಾ ಸಂಜೆ ಈ ಗಿಡದ ಎಲೆಯನ್ನು ಬಂಗಾರವೆಂದು ಒಬ್ಬರಿಗೊಬ್ಬರು ಕೊಡುತ್ತೇವೆ. ಭಾಷಾಂತರದ ಬಟನ್ ಇದೆಯಲ್ಲ ಅಂತ ಈ ಸಾಲು ಬಿಡಬೇಡಿ. ಅದು 'ಬನ್ನಿ'ಯನ್ನು ಅತಿಥಿಯನ್ನು ಕರೆಯುವ 'ಬನ್ನಿ' ಎಂದುಕೊಂಡರೆ ಮುಗಿಯಿತು. ಪಾಂಡವರು ಬನ್ನಿ ಗಿಡದಲ್ಲಿ ಆಯುಧ ಅಡಗಿಸಿಟ್ಟ ಕಥೆಯನ್ನು ಯಾರಾದರೂ ಕೇಳಿದರೆ ಆಗ ಹೇಳಿದರಾಯಿತು.

ಉಳಿದ ಭಾಷೆಗಳನ್ನು ಪೋಸ್ಟ್‌ಗೆ ತುರುಕದೆ ಅದೇ ಫೋಟೊ ಜೊತೆ ಒಬ್ಬೊಬ್ಬರಿಗೆ ಬೇರೆಯಾಗಿ ಕಳಿಸಿ. ಇಲ್ಲಿ ಕಲಬುರಗಿಯವರಿಗೆ ಒಂದು ಅನುಕೂಲ ಇದೆ. ಪುಣೆಯ ಗೆಳತಿಗೆ 'ಸೋನಂ ಘ್ಯಾ, ಸೋನ್ಯಾಸಾರಖಂ ರಾಹಾ' ಸಾಕು, ನಮ್ಮ ಮಾತೇ ಮರಾಠಿಯಲ್ಲಿ. ತೆಲಂಗಾಣದವರು ಬನ್ನಿಯನ್ನು ಜಮ್ಮಿ ಅನ್ನುತ್ತಾರೆ, ಅವರಿಗೂ ಆ ಎಲೆ ಬಂಗಾರವೇ. ಹಾಗಾಗಿ ಇಬ್ಬರಿಗೂ ವಿವರಣೆ ಬೇಕಿಲ್ಲ. ಊರಿನ ಉರ್ದು ಮಾತಾಡುವ ಗೆಳೆಯರಿಗೆ 'ದಸರಾ ಮುಬಾರಕ್'.

ಫೋಟೊ ಮೇಲೆ ಅಕ್ಷರ ಕೂರಿಸುವುದಾದರೆ ಒತ್ತಕ್ಷರ ನೋಡಿಕೊಳ್ಳಿ. ಕೆಲವು ಆ್ಯಪ್‌ಗಳಲ್ಲಿ 'ಬನ್ನಿ'ಯ ಒತ್ತು ಕೆಳಗೆ ಕೂರದೆ 'ಬನ್‌ನಿ' ಎಂದು ಬಿಡಿಬಿಡಿಯಾಗಿ ನಿಲ್ಲುತ್ತದೆ. ಹಾಗಾದರೆ ಯೂನಿಕೋಡ್ ಫಾಂಟ್‌ಗೆ ಬದಲಾಯಿಸಿ, ನೋಟೊ ಸಾನ್ಸ್ ಕನ್ನಡ ಉಚಿತವಾಗಿ ಸಿಗುತ್ತದೆ. ಆಗಲೂ ಸರಿಹೋಗದಿದ್ದರೆ ದೋಷ ಆ್ಯಪ್‌ನದು. ಸುಮ್ನೆ ಒದ್ದಾಡದೆ ಫೋಟೊವನ್ನು ಹಾಗೇ ಬಿಟ್ಟು ಕೆಳಗೆ ಟೈಪ್ ಮಾಡಿ. ನನಗಂತೂ ಅದೇ ಚೆನ್ನಾಗಿ ಕಾಣುತ್ತದೆ.

ಇನ್ನು ಸಮಯ, ಜಾಸ್ತಿ ಎಡವಟ್ಟು ಆಗುವುದು ಇಲ್ಲೇ. ಅಕ್ಟೋಬರ್‌ನಲ್ಲಿ ಡಲ್ಲಾಸ್ ನಮಗಿಂತ ಹತ್ತೂವರೆ ಗಂಟೆ ಹಿಂದಿರುತ್ತದೆ. ಊರಲ್ಲಿ ಸಂಜೆ 6ಕ್ಕೆ ಬನ್ನಿ ಕೊಡುವಾಗ ಅಲ್ಲಿ ಬೆಳಿಗ್ಗೆ 7.30. ಅಣ್ಣ ಕಳಿಸಿದ ಫೋಟೊ ಆಗ ಕೈಸೇರುತ್ತದೆ, ಕೂಡಲೇ ಹಾಕಿ. ಆಫೀಸು ಮುಗಿಸಿ ಸಂಜೆ 7ಕ್ಕೆ ಹಾಕಿದರೆ ಕಲಬುರಗಿಯಲ್ಲಿ ಮರುದಿನ ಬೆಳಗಿನ 5.30, ಬನ್ನಿ ಮುಗಿದ ಮಾತು. ಸ್ಥಳೀಯ ಪಂಚಾಂಗದ ಪ್ರಕಾರ ಅಲ್ಲಿನ ದೇವಸ್ಥಾನದಲ್ಲಿ ವಿಜಯದಶಮಿ ಒಂದು ದಿನ ಆಚೀಚೆ ಆಗುವುದೂ ಉಂಟು. ಹಾಗಾಗಿ 'ಇಂದು' ಎಂದು ಬರೆಯದೆ 'ದಸರಾ ಸಂಜೆ' ಎಂದೇ ಬರೆಯಿರಿ, ಅಲ್ವಾ?

ಕೋಲ್ಕತ್ತದ ಸಹೋದ್ಯೋಗಿಯ ವಿಷಯದಲ್ಲಿ ಮಾತ್ರ ಈ ಅವಸರ ಬೇಡ. ಬಂಗಾಳಿಗಳು 'ಶುಭೊ ಬಿಜೊಯಾ' ಅನ್ನುವುದು ದಶಮಿಯಂದು ದುರ್ಗೆಯ ವಿಸರ್ಜನೆ ಆದಮೇಲೆ. ಅದಕ್ಕೆ ಮೊದಲೇ ಕಳಿಸಿದರೆ ತಾಯಿಯನ್ನು ಬೇಗ ಹೊರಡಿಸಿದಂತೆ ಆಗುತ್ತದೆ. ತಡವಾದರೆ ತೊಂದರೆಯಿಲ್ಲ, ಅವರು ಕಾಳಿಪೂಜೆಯವರೆಗೂ ಬಿಜೊಯಾ ಹೇಳಿಕೊಳ್ಳುತ್ತಲೇ ಇರುತ್ತಾರೆ.