ಐವತ್ತನಾಲ್ಕು ಕಪ್ಪು ಆಕೃತಿಗಳು, ಒಬ್ಬ ಮುದುಕಿ

ಪಾತ್ರಗಳನ್ನು ಪಕ್ಕದಿಂದ ನೋಡುವ ಬಗೆಯ ವಿಡಿಯೋ ಗೇಮೊಂದಕ್ಕೆ, ಹೊಳೆ ದಾಟಿಸುವ ಮುದುಕಿಯ ಪಾತ್ರವನ್ನು ನಾನು ರೂಪಿಸಬೇಕಾಗಿತ್ತು. ನನಗೆ ಕೊಟ್ಟಿದ್ದ ವಿವರಣೆ ತೀರಾ ಚಿಕ್ಕದು: ವಯಸ್ಸು ಅರವತ್ತರ ಆಸುಪಾಸು, ಮಾತು ಕಡಿಮೆ, ದೋಣಿಯಿಂದ ಇಳಿದು ದಡಕ್ಕೆ ಬಂದರೆ ಇರಸುಮುರಸು ಪಡುವವಳು. ಅಷ್ಟನ್ನು ಓದಿ ಮುಗಿಸುವ ಹೊತ್ತಿಗೆ ಅವಳು ಆಗಲೇ ನನ್ನ ಕಣ್ಣ ಮುಂದೆ ಬಂದು ನಿಂತಿದ್ದಳು. ಅಗಲವಾದ ಟೋಪಿ, ನೆಟ್ಟಗೆ ಊರಿದ ಹುಟ್ಟು, ಗಾಳಿಗೆ ಹಾರುವ ಉದ್ದನೆಯ ಮೇಲಂಗಿ. ಆ ಚಿತ್ರಕ್ಕೆ ಮೂರು ದಿನ ಕುಳಿತು ಬಣ್ಣ ತುಂಬಿ ಕೊಟ್ಟೆ. ಕಲಾ ನಿರ್ದೇಶಕಿ ಅದನ್ನು ಪೂರ್ತಿಯಾಗಿ ಕಪ್ಪು ಮಾಡಿ, ಹುಟ್ಟನ್ನು ಅಳಿಸಿ, ಕಥಾನಾಯಕನ ಕಪ್ಪು ಆಕೃತಿಯ ಪಕ್ಕದಲ್ಲಿ ಇಟ್ಟು, "ಇವರಿಬ್ಬರಲ್ಲಿ ಮುದುಕಿ ಯಾರು, ಹೇಳಿ" ಎಂದರು. ಅವನೂ ಎತ್ತರದ ತೆಳ್ಳನೆಯ ಮನುಷ್ಯ, ಅವನಿಗೂ ಹಾರುವ ಮೇಲಂಗಿಯಿತ್ತು. ನಾನು ಬರೆದಿದ್ದ ಸುಕ್ಕುಗಳು, ನೆರೆಗೂದಲು, ಬಟ್ಟೆಯ ತೇಪೆಗಳು ಯಾವುವೂ ಆ ಪ್ರಶ್ನೆಗೆ ಉತ್ತರ ಕೊಡುವಂತಿರಲಿಲ್ಲ. ಆಟದ ಪರದೆಯ ಮೇಲೆ ಅವಳ ಎತ್ತರ ಕೇವಲ 96 ಪಿಕ್ಸೆಲ್ ಎಂಬುದನ್ನು ನಾನು ಆ ಮೂರು ದಿನವೂ ಮರೆತೇಬಿಟ್ಟಿದ್ದೆ.

ಎರಡನೆಯ ಸಲ ಮೊದಲಿನಿಂದ ಆರಂಭಿಸಿದಾಗ ಪೆನ್ಸಿಲನ್ನು ಬದಿಗಿಟ್ಟು ಬ್ರಷ್ ಪೆನ್ ಹಿಡಿದೆ. ಪೆನ್ಸಿಲ್ ಕೈಯಲ್ಲಿದ್ದರೆ ಮೊದಲು ಹೊರಗೆರೆ ಎಳೆಯುತ್ತೇವೆ, ಗೆರೆ ಎಳೆದಮೇಲೆ ಅದರೊಳಗೆ ಏನಾದರೂ ತುಂಬುವ ಆಸೆ ಹುಟ್ಟುತ್ತದೆ, ಸರಿಹೋಗದಿದ್ದರೆ ಅಳಿಸುವುದಕ್ಕೂ ಅವಕಾಶವಿರುತ್ತದೆ. ಬ್ರಷ್ ಪೆನ್ನಿನಲ್ಲಿ ಈ ಮೂರಕ್ಕೂ ಎಡೆಯಿಲ್ಲ. ಮೊದಲ ಒತ್ತಿನಲ್ಲೇ ದೇಹದ ದಪ್ಪ ಕಾಗದಕ್ಕೆ ಇಳಿಯುತ್ತದೆ. ಎ4 ಹಾಳೆಯನ್ನು ಅಡ್ಡಲಾಗಿ ಇಟ್ಟು, ಮೂರು ನೆಲಗೆರೆಗಳನ್ನು ಎಳೆದು, ಪ್ರತಿ ಗೆರೆಯ ಮೇಲೂ ಆರು ಆಕೃತಿಗಳು ನಿಲ್ಲುವಂತೆ ಜಾಗ ಮಾಡಿಕೊಂಡೆ. ಒಂದೊಂದರ ಎತ್ತರ ಸುಮಾರು 5 ಸೆಂ.ಮೀ. ಈ ಅಳತೆಯಲ್ಲಿ ಏಳು ತಲೆಯ ಎತ್ತರವಿರುವ, ಅಂದರೆ ಒಟ್ಟು ಎತ್ತರ ತಲೆಯ ಏಳರಷ್ಟಿರುವ, ಸಾಮಾನ್ಯ ಮೈಕಟ್ಟಿನ ತಲೆ 7 ಮಿ.ಮೀ. ಆಗುತ್ತದೆ, ಅದರಲ್ಲಿ ಕಣ್ಣು ಮೂಗು ಬರೆಯುತ್ತೇನೆಂದರೂ ಪೆನ್ನಿನ ಮೊನೆ ಬಿಡುವುದಿಲ್ಲ. ಪ್ರತಿ ಆಕೃತಿಗೆ 90 ಸೆಕೆಂಡು ಎಂದು ಗಡಿಯಾರ ಇಟ್ಟುಕೊಂಡೆ. ಈ ಅವಧಿಯನ್ನು ನನ್ನ ಕೈಯ ಗುಣ ನೋಡಿಯೇ ಕಂಡುಕೊಂಡಿದ್ದು: ಅರ್ಧ ನಿಮಿಷ ಮಾತ್ರ ಕೊಟ್ಟರೆ ನನ್ನಿಂದ ಹೊರಬರುವುದು ಕಡ್ಡಿಗೊಂಬೆ, ಎರಡು ನಿಮಿಷ ದಾಟಿದರೆ ನಾನು ಗುಂಡಿ ಕಾಜ ಬರೆಯಲು ಶುರುಮಾಡುತ್ತೇನೆ.

ಮೊದಲ ಹಾಳೆಯ ಹದಿನೆಂಟು ಆಕೃತಿಗಳು ಅರ್ಧ ಗಂಟೆಯೊಳಗೆ ಮುಗಿದವು. ಹಾಳೆಯನ್ನು ಗೋಡೆಗೆ ಅಂಟಿಸಿ ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿದಾಗ, ಅವುಗಳಲ್ಲಿ ಹನ್ನೊಂದು ಒಬ್ಬಳೇ ಹೆಂಗಸಿನ ಹನ್ನೊಂದು ಉಡುಪುಗಳಂತೆ ಕಂಡವು. ಟೋಪಿ ಒಮ್ಮೆ ಚೂಪು, ಒಮ್ಮೆ ಚಪ್ಪಟೆ. ಹುಟ್ಟು ಒಮ್ಮೆ ಎಡಗೈಯಲ್ಲಿ, ಒಮ್ಮೆ ಬಲಗೈಯಲ್ಲಿ. ಕೆಳಗಿರುವ ಮೈ ಮಾತ್ರ ಕದಲಿರಲಿಲ್ಲ. ಆಗ ಹೆಬ್ಬೆರಳಿನಿಂದ ಟೋಪಿಯನ್ನೂ ತೋರುಬೆರಳಿನಿಂದ ಹುಟ್ಟನ್ನೂ ಮುಚ್ಚಿ ಒಂದೊಂದನ್ನೇ ನೋಡುತ್ತಾ ಹೋದೆ. ಮುಚ್ಚಿದ ಮೇಲೂ ಯಾರೋ ಒಬ್ಬಳು ಉಳಿದಿದ್ದರೆ ಅದು ಪಾತ್ರ, ಬರೀ ಕಂಬ ಉಳಿದರೆ ಅಲ್ಲಿದ್ದದ್ದು ಸಾಮಾನು. ಹದಿನೆಂಟರಲ್ಲಿ ಈ ಪರೀಕ್ಷೆಗೆ ನಿಂತವು ಎರಡೇ. ಮೊದಲ ಹಾಳೆ ಹೀಗಾಗುವುದು ನನ್ನ ಮಟ್ಟಿಗೆ ಪ್ರತಿ ಸಲದ ಕಥೆ. ಕೈ ತನಗೆ ಗೊತ್ತಿರುವುದನ್ನು ಕಕ್ಕಿ ಮುಗಿಸುವವರೆಗೆ ಹೊಸತನ್ನು ಬರೆಯುವುದಿಲ್ಲ. ಆದ್ದರಿಂದ ಆ ಹಾಳೆಯಿಂದ ಏನನ್ನೂ ಆರಿಸಬಾರದು ಎಂಬ ನಿಯಮ ಮಾಡಿಕೊಂಡಿದ್ದೇನೆ, ಎಷ್ಟೇ ಚೆನ್ನಾಗಿ ಕಂಡರೂ ಸರಿ.

ಎರಡನೆಯ ಹಾಳೆಯಲ್ಲಿ ಟೋಪಿ, ಹುಟ್ಟು ಎರಡನ್ನೂ ನಿಷೇಧಿಸಿ ದೇಹದ ಭಾರ ಎಲ್ಲಿದೆ ಎಂಬುದನ್ನು ಸಾಲಿನಿಂದ ಸಾಲಿಗೆ ಬದಲಿಸುತ್ತಾ ಹೋದೆ. ಮೊದಲ ಸಾಲಿನ ಆರು ಮಂದಿಗೆ ಭಾರವೆಲ್ಲ ಹೆಗಲು ಬೆನ್ನುಗಳಲ್ಲಿ, ಎರಡನೆಯ ಸಾಲಿನವರಿಗೆ ಸೊಂಟದಲ್ಲಿ, ಮೂರನೆಯ ಸಾಲಿನವರಿಗೆ ಕಾಲುಗಳಲ್ಲಿ. ಒಂದೊಂದು ಸಾಲಿನೊಳಗೆ ತಲೆಯ ಅಳತೆಯೊಂದನ್ನೇ ಬದಲಿಸಿದೆ, ಆರೂವರೆ ತಲೆಯ ಎತ್ತರದಿಂದ ಇಳಿಯುತ್ತಾ ನಾಲ್ಕು ತಲೆಯವರೆಗೆ ಬಂದೆ. ಒಂದು ಸಲಕ್ಕೆ ಒಂದನ್ನೇ ಬದಲಿಸುವುದರ ಅನುಕೂಲವೆಂದರೆ, ಎರಡು ಆಕೃತಿಗಳಲ್ಲಿ ಒಂದು ಹಿಡಿಸಿ ಇನ್ನೊಂದು ಹಿಡಿಸದಿದ್ದಾಗ ಕಾರಣ ಏನೆಂದು ಬೊಟ್ಟು ಮಾಡಿ ಹೇಳಬಹುದು. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಇಷ್ಟವಾಯಿತು ಎಂದಷ್ಟೇ ಹೇಳಬಹುದೇ ಹೊರತು, ಅದನ್ನು ಮುಂದಕ್ಕೆ ಎಳೆಯುವ ಎಳೆ ಕೈಗೆ ಸಿಗುವುದಿಲ್ಲ. ಸೊಂಟದಲ್ಲಿ ಭಾರವಿದ್ದ ಆರೂ ಮಂದಿ ಮನೆಯ ಅಜ್ಜಿಯರಾದರು. ಕಾಲಿನಲ್ಲಿ ಭಾರವಿದ್ದವರು ನೆಲದಲ್ಲಿ ಬೇರೂರಿ ನಿಂತಂತಿದ್ದರು, ದಡದ ಮೇಲೆ ಇರಸುಮುರಸು ಪಡುವವಳಿಗೆ ಇದು ತಿರುವುಮುರುವು. ಹೆಗಲಲ್ಲಿ ಭಾರವಿದ್ದವರು ಮಾತ್ರ ನಿಂತಲ್ಲೇ ಸ್ವಲ್ಪ ತೂಗಾಡುವಂತೆ ಕಂಡರು. ಅಲ್ಲಿಗೆ ದಾರಿ ತಿಳಿಯಿತು.

ಮೂರನೆಯ ಹಾಳೆ ಅದೇ ಮೇಲ್ಭಾರದ ಮೈಯನ್ನು ಬೇರೆ ಬೇರೆ ಭಂಗಿಗಳಲ್ಲಿ ನಿಲ್ಲಿಸಿ ನೋಡುವುದಕ್ಕೆ ಮೀಸಲಾಯಿತು. ಅದರ ಏಳನೆಯ ಆಕೃತಿಯಲ್ಲಿ, ಅಂದರೆ ಒಟ್ಟಾರೆ ಲೆಕ್ಕದಲ್ಲಿ 43ನೆಯದರಲ್ಲಿ, ಪೆನ್ನಿನ ಮಸಿ ಹೆಚ್ಚು ಇಳಿದು ಕುತ್ತಿಗೆಯ ಜಾಗ ಮುಚ್ಚಿಹೋಯಿತು. ತಲೆ ಹೆಗಲುಗಳ ನಡುವೆ ಹೂತುಹೋಗಿ, ಬೆನ್ನಿನ ಗೂನು ತಲೆಗಿಂತ ತುಸು ಮೇಲೆ ಉಳಿಯಿತು. ಅಳಿಸುವಂತಿರಲಿಲ್ಲವಾದ್ದರಿಂದ ಹಾಗೆಯೇ ಮುಂದುವರಿದು, ದಪ್ಪನೆಯ ಮುಂಗೈಗಳನ್ನು ಮೊಣಕಾಲಿನವರೆಗೆ ಇಳಿಬಿಟ್ಟು, ಕೆಳಗೆ ಎರಡು ಪುಟ್ಟ ಕಾಲುಗಳನ್ನು ಬರೆದೆ. ಪೆನ್ನೆತ್ತಿ ನೋಡಿದರೆ ಆ ಬೆನ್ನು ದಡದಲ್ಲಿ ಮಗುಚಿಟ್ಟ ದೋಣಿಯ ತಳದಂತಿತ್ತು. ನಾನು ಅದುವರೆಗೆ ದೋಣಿಯನ್ನು ಅವಳ ಕೈಗೆ ಕೊಡಲು ಹೆಣಗುತ್ತಿದ್ದೆ, ಅದು ಅವಳ ಬೆನ್ನಿಗೇ ಬಂದು ಕೂತಿತ್ತು. ಉಳಿದ ಹನ್ನೊಂದು ಆಕೃತಿಗಳನ್ನು ಬರೆಯದೆ ಬಿಡುವ ಆಸೆಯಾಯಿತು. ಆದರೂ ಬರೆದೆ, ಏಕೆಂದರೆ 43ನೆಯದು ಚೆನ್ನಾಗಿದೆಯೇ ಅಥವಾ ನನಗೆ ಆಯಾಸವಾಗಿದೆಯೇ ಎಂಬುದನ್ನು ತೂಗಿ ನೋಡಲು ಅದರ ಅಕ್ಕಪಕ್ಕದಲ್ಲಿ ಬೇರೆಯವರು ಬೇಕಿತ್ತು.

ಕೊನೆಯ ಎರಡು ಹಾಳೆಗಳಿಂದ ಆರನ್ನು ಆರಿಸಿ, ಫೋನಿನಲ್ಲಿ ಫೋಟೋ ತೆಗೆದು, ಕಂಪ್ಯೂಟರಿನಲ್ಲಿ 96 ಪಿಕ್ಸೆಲ್ ಎತ್ತರಕ್ಕೆ ಇಳಿಸಿ, ಆಟದ ಇತರ ಪಾತ್ರಗಳ ಕಪ್ಪು ಆಕೃತಿಗಳೊಡನೆ ಒಂದೇ ನೆಲಗೆರೆಯ ಮೇಲೆ ನಿಲ್ಲಿಸಿದೆ. ಇಲ್ಲಿ ಒಂದು ಸಣ್ಣ ಲೆಕ್ಕ ಉಪಯೋಗಕ್ಕೆ ಬಂತು. ಕಾಗದದ 50 ಮಿ.ಮೀ. ಪರದೆಯಲ್ಲಿ 96 ಪಿಕ್ಸೆಲ್ ಆಗುವಾಗ ಒಂದು ಮಿ.ಮೀ.ಗೆ ಸಿಗುವುದು ಹೆಚ್ಚುಕಡಿಮೆ ಎರಡು ಪಿಕ್ಸೆಲ್ ಮಾತ್ರ. 43ನೆಯ ಆಕೃತಿಯಲ್ಲಿ ಕೈಗೂ ಮೈಗೂ ನಡುವೆ ನಾನು ಬಿಟ್ಟಿದ್ದ ಬಿಳಿಯ ಸಂದು ಒಂದು ಮಿ.ಮೀ. ಇತ್ತು, ಇಳಿಸಿದ ಕೂಡಲೇ ಅದು ಬೂದುಬಣ್ಣದ ಕಲೆಯಾಗಿ, ಕೈಗಳು ಮೈಯಲ್ಲಿ ಕರಗಿಹೋದವು. ಮುಂಗೈಯನ್ನು ಹೊರಕ್ಕೆ ಸರಿಸಿ ಸಂದನ್ನು ಎರಡೂವರೆ ಮಿ.ಮೀ.ಗೆ ಹಿಗ್ಗಿಸಿದಾಗ ಐದು ಪಿಕ್ಸೆಲ್ ಬಿಳುಪು ಉಳಿದು, ಕೈಗಳು ಮತ್ತೆ ಕೈಗಳಾದವು. ಕಪ್ಪು ಆಕೃತಿಯನ್ನು ಬರೆಯುವಾಗ ಕಪ್ಪನ್ನೇ ನೋಡುತ್ತಿರುತ್ತೇವೆ, ದೂರದಿಂದ ಗುರುತು ಹಿಡಿಯಲು ನೆರವಾಗುವುದು ಮಾತ್ರ ಬಹುಪಾಲು ಈ ಬಿಳಿಯ ಸಂದುಗಳೇ.

ಆರರಲ್ಲಿ ಮೂರು ಉಳಿದವು. ಅವುಗಳನ್ನು ತೋರಿಸುವ ಮೊದಲು ಮಾಡಿದ ಇನ್ನೊಂದು ಕೆಲಸ ನನ್ನನ್ನು ಎರಡನೆಯ ಮುಖಭಂಗದಿಂದ ಕಾಪಾಡಿತು. ಕಪ್ಪು ಆಕೃತಿ ಒಂದೇ ಕೋನದ ಸತ್ಯವನ್ನು ಹೇಳುತ್ತದೆ. ಪಕ್ಕದಿಂದ ಮಗುಚಿದ ದೋಣಿಯಂತೆ ಕಂಡ ಅದೇ ಮುದುಕಿಯನ್ನು ಎದುರಿನಿಂದ ಬರೆದಾಗ ಗೂನು ತಲೆಯ ಹಿಂದೆ ಅಡಗಿ, ಅವಳು ಒಂದು ಉಂಡೆಯಾದಳು. ಆಟದಲ್ಲಿ ಆಗಲೇ ಉಂಡೆಯಂಥ ಒಬ್ಬ ವ್ಯಾಪಾರಿಯಿದ್ದ. ಮಾತುಕತೆಯ ದೃಶ್ಯಗಳಲ್ಲಿ ಪಾತ್ರಗಳು ನಮ್ಮತ್ತ ತಿರುಗುತ್ತಿದ್ದವಾದ್ದರಿಂದ ಇದನ್ನು ಕಡೆಗಣಿಸುವಂತಿರಲಿಲ್ಲ. ವ್ಯಾಪಾರಿಯ ಅತಿ ಹೆಚ್ಚಿನ ಅಗಲ ಹೊಟ್ಟೆಯಲ್ಲಿತ್ತು. ಹಾಗಾಗಿ ಅವಳ ಅಗಲವನ್ನು ಹೆಗಲಿಗೆ ಏರಿಸಿ, ಸೊಂಟವನ್ನು ಕಿರಿದಾಗಿಸಿ, ಕಾಲುಗಳ ನಡುವೆ ಬೆಳಕು ಕಾಣುವಂತೆ ಉಡುಪಿನ ಅಂಚನ್ನು ಮೊಣಕಾಲಿಗೆ ಎತ್ತಿದೆ. ಮುಕ್ಕಾಲು ತಿರುವಿನಲ್ಲಿಯೂ ಒಂದು ಬರೆದು ನೋಡಿ, ಮೂರು ಕೋನಗಳಲ್ಲೂ ಅವಳೇ ಎಂದು ಖಾತ್ರಿಯಾದ ಮೇಲೆ ಹಾಳೆ ಕಳುಹಿಸಿದೆ. ಉಳಿದೆರಡು ಆಕೃತಿಗಳಿಗೂ ಇದೇ ಉಪಚಾರ ಆಯಿತು. ತೋರಿಸಿದ ಮೂರರಲ್ಲಿ ಯಾವುದನ್ನು ಆರಿಸಿದರೂ ವಾರಗಟ್ಟಲೆ ಅದರೊಂದಿಗೇ ಇರಬೇಕಾದವನು ನಾನಾದ್ದರಿಂದ, ಬರೀ ಸಂಖ್ಯೆ ತುಂಬಿಸಲು ಒಂದನ್ನು ಸೇರಿಸುವ ಅಭ್ಯಾಸವನ್ನು ಬಿಟ್ಟು ಬಹಳ ಕಾಲವಾಯಿತು.

ಡಿಜಿಟಲ್ ಆಗಿ ಮಾಡುವಾಗಲೂ ನಾನು ಇದೇ ಕಟ್ಟುಪಾಡುಗಳನ್ನು ಇಟ್ಟುಕೊಳ್ಳುತ್ತೇನೆ: ಅಂಚು ಗಟ್ಟಿಯಿರುವ ಒಂದು ಬ್ರಷ್, ಒಂದು ಲೇಯರ್, ಝೂಮ್ ಮುಟ್ಟುವಂತಿಲ್ಲ. ಎಡ ಬಲಗಳನ್ನು ತಾನಾಗಿ ಸರಿಸಮ ಮಾಡುವ ಸೌಲಭ್ಯವನ್ನು ಮಾತ್ರ ಪಾತ್ರಗಳ ವಿಷಯದಲ್ಲಿ ದೂರ ಇಡುತ್ತೇನೆ. ಅದರಿಂದ ಅರ್ಧ ಗಂಟೆಯಲ್ಲಿ ಐವತ್ತು ಆಕೃತಿಗಳು ಬರುತ್ತವೆ, ಐವತ್ತೂ ರಕ್ಷಾಕವಚ ತೊಟ್ಟ ಜೀರುಂಡೆಗಳಂತಿರುತ್ತವೆ.

ಕಲಾ ನಿರ್ದೇಶಕಿ 43ನೆಯದನ್ನೇ ಆರಿಸಿದರು. ಆಮೇಲೆ ಬೂದು ಮಾರ್ಕರಿನ ಎರಡು ಛಾಯೆಗಳಿಂದ ಅದೇ ಆಕೃತಿಯ ಒಳಗೆ ನಾಲ್ಕು ಬಗೆಯಲ್ಲಿ ಬೆಳಕು ಕತ್ತಲೆ ಹಂಚಿ ನೋಡಿದೆ. ತಲೆಯನ್ನು ತಿಳಿಯಾಗಿಯೂ ಬೆನ್ನನ್ನು ಗಾಢವಾಗಿಯೂ ಇಟ್ಟದ್ದರಲ್ಲಿ, ಹೂತುಹೋದ ತಲೆ ಎಲ್ಲಿದೆ ಎಂಬುದು ಹುಡುಕದೆಯೇ ಕಾಣುತ್ತಿತ್ತು. ಮುಖದ ವಿಷಯದಲ್ಲಿ ಈ ಐವತ್ತನಾಲ್ಕರಲ್ಲಿ ಒಂದೂ ನನಗೆ ನೆರವಾಗಲಿಲ್ಲ. ಅದಕ್ಕೆ ಬೇರೆ ಹಾಳೆ ತೆಗೆದು, ಈ ಸಲ ಪೆನ್ಸಿಲನ್ನೇ ಹಿಡಿದು, ತಲೆಯೊಂದನ್ನೇ ಅಂಗೈಯಷ್ಟು ದೊಡ್ಡದಾಗಿ ಬರೆಯಲು ಕುಳಿತೆ. ಹೆಗಲುಗಳ ನಡುವಿನಿಂದ ಹೊರಗೆ ನೋಡಬೇಕಾದವಳು ಗಲ್ಲವನ್ನು ಮುಂದಕ್ಕೆ ಚಾಚಿ, ಹುಬ್ಬಿನ ಕೆಳಗಿನಿಂದ ಕಣ್ಣೆತ್ತಿಯೇ ನೋಡಬೇಕು ಎಂಬಷ್ಟನ್ನು ಮಾತ್ರ ಕಪ್ಪು ಆಕೃತಿ ಮೊದಲೇ ನಿಶ್ಚಯಿಸಿಬಿಟ್ಟಿತ್ತು.